ಜಲ್ಲಿ ರಸ್ತೆಗೆ ಎಂಥ ಟೈರು, ಎಷ್ಟು ಗಾಳಿ?

ಹಳ್ಳಿ ರಸ್ತೆಗೆ ಜಲ್ಲಿ ಬಿದ್ದ ದಿನ ಊರಿಗೆ ಊರೇ ಖುಷಿಪಡುತ್ತದೆ, ಕಾರಿದ್ದವರೊಬ್ಬರನ್ನು ಬಿಟ್ಟು. ಡಾಂಬರಿಗೆ ಮುಂಚೆ ಹರಡುವ ಈ ಪದರವನ್ನು ಎಂಜಿನಿಯರುಗಳು ಡಬ್ಲ್ಯೂಬಿಎಂ ಎಂದು ಕರೆಯುತ್ತಾರೆ. ಸುಮಾರು 22 ಮಿಲಿಮೀಟರಿನಿಂದ 63 ಮಿಲಿಮೀಟರಿನವರೆಗಿನ ಒಡೆದ ಕಲ್ಲನ್ನು ಹಾಸಿ, ಸಂದಿಗೆ ಕಲ್ಲುಪುಡಿ ತುಂಬಿ, ನೀರು ಹೊಡೆದು, ರೋಲರ್ ಓಡಿಸಿ ಬಿಗಿ ಮಾಡುತ್ತಾರೆ. ಇದರ ಮೇಲೆ ಬೇಗ ಡಾಂಬರು ಬಿದ್ದರೆ ಒಳ್ಳೆಯ ರಸ್ತೆ. ಬಿಲ್ಲು ಪಾಸಾಗದೆ ಕಂಟ್ರಾಕ್ಟರು ಕೈಬಿಟ್ಟರೆ ಮೊದಲ ಮಳೆಗೇ ಸಂದಿಯ ಪುಡಿ ತೊಳೆದುಹೋಗುತ್ತದೆ. ಆಮೇಲೆ ಉಳಿಯುವುದು ಮೂಲೆ ಮೂಲೆ ಚೂಪಾದ, ಒಂದಕ್ಕೊಂದು ಹಿಡಿತವಿಲ್ಲದ ಕಲ್ಲು ಮಾತ್ರ. ನಮ್ಮ ಮಲೆನಾಡಿನಲ್ಲಿ ಇಂಥ ರಸ್ತೆ ಎರಡು ಮೂರು ಮಳೆಗಾಲ ಹಾಗೇ ಬಿದ್ದಿರುವುದು ಹೊಸತೇನಲ್ಲ.

ಗರಸು ಮಣ್ಣಿನ ರಸ್ತೆ ಬೇರೆ. ಅಲ್ಲಿಯ ಕಲ್ಲು ಉರುಟು, ಸವೆದದ್ದು; ಕಾರನ್ನು ಜಾರಿಸುತ್ತದೆಯೇ ಹೊರತು ಟೈರನ್ನು ಕೊಯ್ಯುವುದು ಅಪರೂಪ. ಕ್ರಷರಿನಿಂದ ಬಂದ ಜಲ್ಲಿ ಹಾಗಲ್ಲ. ಅದಕ್ಕೆ ಧಾರೆಯಿದೆ. ಮುಂದಿನ ಚಕ್ರ ಹಾಯುವಾಗ ಮಲಗಿದ್ದ ಕಲ್ಲನ್ನು ಎಬ್ಬಿಸಿ ನಿಲ್ಲಿಸುತ್ತದೆ, ಹಿಂದಿನ ಚಕ್ರ ಅದರ ಮೊನೆಯ ಮೇಲೇ ಏರುತ್ತದೆ. ಮುಂದಿನ ಟೈರಿಗೆ ಏನೂ ಆಗದೆ ಹಿಂದಿನದಕ್ಕೆ ಏಟು ಬೀಳುವುದರ ಗುಟ್ಟು ಇದೇ.

ಇಂಥ ದಾರಿಯಲ್ಲಿ ದಿನವೂ ಓಡಾಡುವ ಸಣ್ಣ ಕಾರಿನವರು ಅಂಗಡಿಗೆ ಹೋದಾಗ ಕೇಳುವ ಮೊದಲ ಪ್ರಶ್ನೆ, ಯಾವ ಕಂಪನಿ ಟೈರು ಒಳ್ಳೇದು ಎಂದು. ನನ್ನ ಪ್ರಕಾರ ಅದು ಮೂರನೆಯ ಪ್ರಶ್ನೆ. ಮೊದಲನೆಯದು, ಟೈರಿನ ಪಕ್ಕದ ಗೋಡೆ ಎಷ್ಟು ಎತ್ತರ ಎಂಬುದು. ಎರಡನೆಯದು, ಅದರೊಳಗೆ ಎಷ್ಟು ಗಾಳಿ ಎಂಬುದು. ಇವೆರಡು ಸರಿ ಇದ್ದರೆ ಹೆಸರಿರುವ ಯಾವ ಕಂಪನಿಯ ಟೈರೂ ತಕ್ಕಮಟ್ಟಿಗೆ ಬಾಳುತ್ತದೆ. ತಪ್ಪಿದರೆ ಎಷ್ಟು ದುಬಾರಿ ಟೈರು ಹಾಕಿಸಿದರೂ ಕಲ್ಲಿಗೆ ಬೆಲೆಯ ಗುರುತಿಲ್ಲ.

ಎತ್ತರದ ಲೆಕ್ಕ ಟೈರಿನ ಮೇಲೇ ಬರೆದಿರುತ್ತದೆ. ಸ್ವಿಫ್ಟ್ ಕಾರನ್ನೇ ತೆಗೆದುಕೊಳ್ಳಿ. 2018ರಿಂದ ಬಂದ ಮಾದರಿಯಲ್ಲಿ ಕೆಳಗಿನ ವೇರಿಯಂಟುಗಳಿಗೆ 165/80 ಆರ್ 14 ಟೈರು, ಮೇಲಿನವಕ್ಕೆ 185/65 ಆರ್ 15. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಭಾಗ ಪಕ್ಕದ ಗೋಡೆಯ ಎತ್ತರ ಎಂಬುದು. ಕೊನೆಯದು ರಿಮ್ಮಿನ ಅಳತೆ, ಇಂಚಿನಲ್ಲಿ. 165ರ ಶೇಕಡಾ 80 ಅಂದರೆ 132 ಮಿಲಿಮೀಟರ್. 185ರ ಶೇಕಡಾ 65 ಅಂದರೆ 120. ಬೇರೆ ಕೆಲವು ಹ್ಯಾಚ್‌ಬ್ಯಾಕುಗಳ ಮೇಲ್ದರ್ಜೆಯಲ್ಲಿ 195/55 ಆರ್ 16 ಬರುತ್ತದೆ. ಅದರ ಗೋಡೆ 107 ಮಿಲಿಮೀಟರ್. ತಮಾಷೆಯೆಂದರೆ ಈ ಮೂರೂ ಟೈರುಗಳ ಒಟ್ಟು ಎತ್ತರ ಹೆಚ್ಚುಕಡಿಮೆ ಒಂದೇ, 620 ಮಿಲಿಮೀಟರ್. ಹೊರಗಿನಿಂದ ನೋಡಿದರೆ ಚಕ್ರ ಅಷ್ಟೇ ದೊಡ್ಡದು. ರಿಮ್ಮು ಬೆಳೆದಷ್ಟೂ ರಬ್ಬರು ಕುಗ್ಗಿದೆ, ಅಷ್ಟೇ. ಶೋರೂಮಿನಲ್ಲಿ ಹೆಚ್ಚು ದುಡ್ಡು ಕೊಟ್ಟು ಕೊಂಡದ್ದು 25 ಮಿಲಿಮೀಟರ್ ಕಡಿಮೆ ರಬ್ಬರು ಎಂಬುದು ಜಲ್ಲಿ ರಸ್ತೆಗೆ ಬಂದ ಮೇಲೆಯೇ ಗೊತ್ತಾಗುವುದು.

ಈ 25 ಮಿಲಿಮೀಟರಿಗೆ ಯಾಕಿಷ್ಟು ಮಹತ್ವ? ಚಕ್ರ ಕಲ್ಲಿನ ಮೇಲೆ ಏರಿದಾಗ ಟೈರು ಆ ಜಾಗದಲ್ಲಿ ಒಳಕ್ಕೆ ಒತ್ತುತ್ತದೆ. ಒತ್ತಲು ಜಾಗವಿರುವವರೆಗೆ ತೊಂದರೆಯಿಲ್ಲ, ಗಾಳಿ ಏಟನ್ನು ನುಂಗಿಕೊಳ್ಳುತ್ತದೆ. ಜಾಗ ಮುಗಿದರೆ ಕೆಳಗೆ ಕಲ್ಲು, ಮೇಲೆ ರಿಮ್ಮಿನ ಅಂಚು, ನಡುವೆ ಟೈರಿನ ಪಕ್ಕ. ಅಡಕತ್ತರಿಗೆ ಸಿಕ್ಕ ಅಡಿಕೆಯ ಗತಿ. ಹೊರಗಿನ ರಬ್ಬರು ಹರಿಯದಿದ್ದರೂ ಒಳಗಿನ ಪಾಲಿಯೆಸ್ಟರ್ ದಾರಗಳು ತುಂಡಾಗುತ್ತವೆ. ಒಂದೆರಡು ದಿನದಲ್ಲಿ ಆ ಜಾಗದಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಕಾಣಿಸುತ್ತದೆ. ದಾರವಿಲ್ಲದ ಕಡೆ ಗಾಳಿಯನ್ನು ತಡೆದು ನಿಂತದ್ದು ಬರೀ ರಬ್ಬರು. ಅದಕ್ಕೆ ರಿಪೇರಿ ಎಂಬುದಿಲ್ಲ. ಯಾವ ಪಂಕ್ಚರ್ ಅಂಗಡಿಯವರು ಏನೇ ಧೈರ್ಯ ಹೇಳಿದರೂ ಉಬ್ಬಿದ ಟೈರನ್ನು ಓಡಿಸಬಾರದು. ಹೈವೇಯಲ್ಲಿ ಒಡೆದರೆ ಕಾರು ಕೈಗೆ ಸಿಗುವುದಿಲ್ಲ. ಹಾಗೆಂದು ಟೈರಿನ ಪಕ್ಕದಲ್ಲಿ ಒಳಕ್ಕೆ ಹೋದ ತೆಳ್ಳಗಿನ ಉದ್ದ ಗೀರು ಕಂಡರೆ ಗಾಬರಿ ಬೇಡ. ಒಳಗಿನ ಬಟ್ಟೆಯ ಎರಡು ಅಂಚು ಒಂದರ ಮೇಲೊಂದು ಬಂದು ಕೂಡಿದ ಜಾಗ ಅದು, ಹೊಸ ಟೈರಿನಲ್ಲೂ ಇರುತ್ತದೆ. ಹೊರಕ್ಕೆ ಬಂದದ್ದು ಅಪಾಯ, ಒಳಕ್ಕೆ ಹೋದದ್ದು ಸಾಮಾನ್ಯವಾಗಿ ಅಲ್ಲ.

ರಿಮ್ಮಿನ ವಿಚಾರವೂ ಇದಕ್ಕೇ ಸೇರಿದ್ದು. ಕಬ್ಬಿಣದ ರಿಮ್ಮು ಏಟು ತಿಂದರೆ ಬಗ್ಗುತ್ತದೆ, ಪಂಕ್ಚರ್ ಅಂಗಡಿಯಲ್ಲಿ ಸುತ್ತಿಗೆಯಿಂದ ಬಡಿದು ಮನೆ ಸೇರುವ ಮಟ್ಟಿಗೆ ಸರಿಮಾಡಬಹುದು. ಅಲಾಯ್ ಬಗ್ಗುವುದೂ ಉಂಟು, ಬಿರುಕು ಬಿಡುವುದೂ ಉಂಟು. ಬಿರುಕು ಬಿಟ್ಟರೆ ಅಲ್ಲಿಗೆ ಮುಗಿಯಿತು. ಹೊಸ ಕಾರು ಕೊಳ್ಳುವವರಿದ್ದು, ಮನೆಗೆ ಹೋಗುವ ದಾರಿ ಜಲ್ಲಿಯದಾದರೆ, ಸಣ್ಣ ರಿಮ್ಮಿನ ವೇರಿಯಂಟನ್ನೇ ಆರಿಸಿಕೊಳ್ಳುವುದು ಜಾಣತನ. ಈಗಾಗಲೇ 15 ಅಥವಾ 16 ಇಂಚಿನದು ಇದ್ದರೆ ಅದೇ ಮಾದರಿಯ ಕೆಳಗಿನ ವೇರಿಯಂಟಿನ ಕಬ್ಬಿಣದ ರಿಮ್ಮು ಕೂರುತ್ತದೆಯೇ ಎಂದು ವಿಚಾರಿಸಬಹುದು. ಎರಡೂ ವೇರಿಯಂಟಿಗೆ ಬ್ರೇಕಿನ ಡಿಸ್ಕ್ ಒಂದೇ ಅಳತೆಯದಾದರೆ ಸಾಮಾನ್ಯವಾಗಿ ಕೂರುತ್ತದೆ. ಡಿಸ್ಕ್ ದೊಡ್ಡದಾದರೆ ರಿಮ್ಮು ಕ್ಯಾಲಿಪರಿಗೆ ತಾಗುತ್ತದೆ, ಆ ಆಸೆ ಬಿಡಬೇಕು. ಆಗ ಉಳಿಯುವ ದಾರಿ ವೇಗ ತಗ್ಗಿಸುವುದು, ಗಾಳಿ ತಪ್ಪದೆ ನೋಡಿಕೊಳ್ಳುವುದು.

ಇನ್ನು ಕೆಲವರು ಕಾರಿನ ಹೊಟ್ಟೆ ನೆಲಕ್ಕೆ ತಾಗುತ್ತದೆಂದು ಎತ್ತರದ ಟೈರು ಹಾಕಿಸಲು ಹೊರಡುತ್ತಾರೆ. ಟೈರಿನ ಒಟ್ಟು ಎತ್ತರ ಶೇಕಡಾ 3ರಷ್ಟು ಹೆಚ್ಚಿದರೂ ಕಾರು ಎದ್ದುಕೊಳ್ಳುವುದು ಒಂದು ಸೆಂಟಿಮೀಟರಿಗಿಂತ ಕಡಿಮೆ. ಅದಕ್ಕೆ ಬದಲಾಗಿ ಮಡ್‌ಗಾರ್ಡಿನ ಒಳಗಿನ ಜಾಗ ಕಿರಿದಾಗಿ, ಟೈರಿಗೆ ಸಿಕ್ಕಿದ ಕಲ್ಲು ಅಲ್ಲೇ ಉಜ್ಜಲು ಶುರುಮಾಡುತ್ತದೆ. ಅಗಲದ ಟೈರು ಹಾಕುವುದರಿಂದಲೂ ಇಲ್ಲಿ ಲಾಭವಿಲ್ಲ. ಸಡಿಲ ಕಲ್ಲಿನ ಮೇಲೆ ಕಿರಿದಾದ ಟೈರು ಕಲ್ಲನ್ನು ಸರಿಸಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ, ಅಗಲದ್ದು ಕಲ್ಲಿನ ಮೇಲೇ ತೇಲುತ್ತದೆ.

ಸರಿ, ಅಳತೆ ಗೊತ್ತಾಯಿತು. ಅಂಗಡಿಯಲ್ಲಿ ಏನು ನೋಡಬೇಕು? ಜೀಪಿಗೆ ಹಾಕುವಂಥ, ದೊಡ್ಡ ದೊಡ್ಡ ಬಟನ್ನಿನ ಆಲ್‌-ಟೆರೇನ್ ಟೈರು ಕೇಳಬೇಡಿ. ಸಣ್ಣ ಕಾರಿನ ಅಳತೆಗಳಲ್ಲಿ ಅವು ಸಿಗುವುದು ಅಪರೂಪ. ರಸ್ತೆ ಟೈರುಗಳಲ್ಲೇ ಆರಿಸಬೇಕು. ಮೊದಲು ಟೈರನ್ನು ಬೆಳಕಿಗೆ ತಿರುಗಿಸಿ ಪಕ್ಕದ ಸಣ್ಣ ಅಕ್ಷರ ಓದಿ. ಟ್ರೆಡ್ ಎಂದು ಬರೆದ ಕಡೆ ಉಕ್ಕಿನ ಎಷ್ಟು ಪದರ, ಪಾಲಿಯೆಸ್ಟರಿನ ಎಷ್ಟು ಪದರ ಎಂದಿರುತ್ತದೆ. ಅದರ ಪಕ್ಕದಲ್ಲೇ ಸೈಡ್‌ವಾಲ್ ಎಂದು ಬರೆದು ಒಂದು ಪಾಲಿಯೆಸ್ಟರ್ ಅಥವಾ ಎರಡು ಪಾಲಿಯೆಸ್ಟರ್ ಎಂದಿರುತ್ತದೆ. ಉಕ್ಕು ಇರುವುದು ನೆಲ ಮುಟ್ಟುವ ಭಾಗದಲ್ಲಿ ಮಾತ್ರ, ಪಕ್ಕಕ್ಕೆ ಉಕ್ಕಿನ ಕಾವಲಿಲ್ಲ ಎಂಬುದು ಇದನ್ನು ಓದಿದರೆ ಮನದಟ್ಟಾಗುತ್ತದೆ. ಒಂದೇ ಅಳತೆಯ ಎರಡು ಟೈರುಗಳಲ್ಲಿ ಒಂದಕ್ಕೆ ಪಕ್ಕದಲ್ಲಿ ಎರಡು ಪದರವಿದ್ದರೆ ಜಲ್ಲಿ ರಸ್ತೆಯವರು ಅದನ್ನೇ ತೆಗೆದುಕೊಳ್ಳಬೇಕು. ಸ್ವಲ್ಪ ಭಾರ, ಪೆಟ್ರೋಲು ತುಸು ಹೆಚ್ಚು ಕುಡಿದೀತು, ಕುಡಿಯಲಿ. ಮೈಲೇಜಿಗೆಂದೇ ಹಗುರ ಮಾಡಿದ ಟೈರುಗಳು ಡಾಂಬರಿನ ಮೇಲೆ ಚೆನ್ನ, ಇಲ್ಲಿ ಅಲ್ಲ.

ಆಮೇಲೆ ಬಟನ್ನು. ನಡುವೆ ಅಡ್ಡ ಸೀಳುಗಳಿಲ್ಲದ ಗಟ್ಟಿ ಪಟ್ಟಿ ಇರುವುದನ್ನು ನೋಡಿ. ಸಣ್ಣ ಸಣ್ಣ ತುಂಡಾಗಿ ಕತ್ತರಿಸಿದ ಬಟನ್ನಿನ ಮೂಲೆಗಳನ್ನು ಜಲ್ಲಿ ಚೂರು ಚೂರಾಗಿ ಕಿತ್ತುಹಾಕುತ್ತದೆ. ಗೆರೆಯ ತಳದಲ್ಲಿ ಸಾಲಾಗಿ ಸಣ್ಣ ಉಬ್ಬುಗಳಿದ್ದರೆ ಒಳ್ಳೆಯದು. ಸಿಕ್ಕಿಕೊಂಡ ಕಲ್ಲನ್ನು ಹೊರಗೆ ತಳ್ಳಲು ಇಟ್ಟದ್ದು ಅವು. ಗೆರೆಯಲ್ಲಿ ಕೂತ ಕಲ್ಲು ಚಕ್ರದ ಪ್ರತಿ ಸುತ್ತಿಗೂ ಒಳಕ್ಕೆ ಕೊರೆಯುತ್ತ ಹೋಗಿ ಉಕ್ಕಿನ ಪದರ ಮುಟ್ಟಿದರೆ, ಅಲ್ಲಿ ನೀರಿಳಿದು ತುಕ್ಕು ಹಿಡಿಯುತ್ತದೆ.

ಲೋಡ್ ಇಂಡೆಕ್ಸ್ ಎಂಬ ಎರಡಂಕಿಯ ಸಂಖ್ಯೆ ಅಳತೆಯ ಮುಂದೆಯೇ ಇರುತ್ತದೆ. 85 ಅಂದರೆ ಒಂದು ಟೈರು 515 ಕೆಜಿ ಹೊರಬಲ್ಲುದು, 88 ಅಂದರೆ 560. ಕಾರಿನ ಜತೆ ಬಂದ ಟೈರಿನಲ್ಲಿ ಇದ್ದದ್ದಕ್ಕಿಂತ ಕಡಿಮೆಯದನ್ನು ಹಾಕಿಸಬೇಡಿ. ತಯಾರಾದ ದಿನ ನಾಲ್ಕಂಕಿಯಲ್ಲಿರುತ್ತದೆ: 2324 ಎಂದಿದ್ದರೆ 2024ನೆಯ ಇಸವಿಯ 23ನೆಯ ವಾರ. ಸಣ್ಣ ಪೇಟೆಯ ಅಂಗಡಿಯಲ್ಲಿ ಕಡಿಮೆ ಓಡುವ ಅಳತೆಯ ಟೈರು ವರ್ಷಗಟ್ಟಲೆ ಅಟ್ಟದ ಮೇಲಿರುವುದುಂಟು, ಕೇಳಿ ಇಳಿಸಿ ನೋಡಿ.

ಈಗ ಗಾಳಿಗೆ ಬರೋಣ. ಹೆಚ್ಚು ಟೈರು ಹಾಳಾಗುವುದು ಇಲ್ಲೇ.

ಜಲ್ಲಿ ರಸ್ತೆಯ ಊರುಗಳಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡದವರು, "ಕಲ್ಲು ರಸ್ತೆ ಮಾರಾಯ್ರೇ, ನಲವತ್ತು ಹೊಡೀರಿ, ಕಲ್ಲು ಕಚ್ಚಬಾರದು" ಅನ್ನುತ್ತಾರೆ. ಇನ್ನೊಂದು ಪಂಗಡದವರು, "ಇಪ್ಪತ್ನಾಲ್ಕು ಸಾಕು, ಇಲ್ಲಾಂದ್ರೆ ಸೊಂಟ ಉಳಿಯಲ್ಲ" ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ.

ಕಾರನ್ನು ಹೊತ್ತಿರುವುದು ರಬ್ಬರಲ್ಲ, ಗಾಳಿ. ಸಣ್ಣ ಕಾರಿನ ಮುಂದಿನ ಒಂದು ಚಕ್ರದ ಮೇಲೆ ಸುಮಾರು 300 ಕೆಜಿ ಭಾರವಿರುತ್ತದೆ. 32 ಪಾಯಿಂಟ್ ಗಾಳಿಯಿದ್ದರೆ ಟೈರು ನೆಲ ಮುಟ್ಟುವ ಜಾಗ ಅಂದಾಜು 135 ಚದರ ಸೆಂಟಿಮೀಟರ್, ಒಂದು ಅಂಗೈಯಗಲ. 26ಕ್ಕೆ ಇಳಿಸಿದರೆ ಅದು 165ರ ಆಸುಪಾಸಿಗೆ ಬರುತ್ತದೆ. ನೆಲ ಮುಟ್ಟುವ ಜಾಗ ಹೆಚ್ಚಿದರೆ ಸಡಿಲ ಕಲ್ಲಿನ ಮೇಲೆ ಹಿಡಿತ ಹೆಚ್ಚು. ಚೂಪು ಕಲ್ಲಿನ ಮೇಲೆ ಬಂದಾಗ ಟೈರು ಅದರ ಸುತ್ತ ಬಾಗಿಕೊಳ್ಳುತ್ತದೆ, ಚುಚ್ಚಿಸಿಕೊಳ್ಳುವುದಿಲ್ಲ. ನಲವತ್ತರವರು ಕಳೆದುಕೊಳ್ಳುವುದು ಇದನ್ನು. ಬಿಗಿದ ಟೈರು ಬಾಗದೆ, ಪೂರಾ ಭಾರವನ್ನು ಕಲ್ಲಿನ ಮೊನೆಯ ಮೇಲೇ ಹಾಕುತ್ತದೆ. ಬಟನ್ನಿನ ನಡುಭಾಗ ಕಿತ್ತುಬರುತ್ತದೆ. ಬ್ರೇಕು ಒತ್ತಿದರೆ ಕಾರು ಗೋಲಿಗಳ ಮೇಲೆ ಹೋದಂತೆ ಮುಂದಕ್ಕೆ ಜಾರುತ್ತದೆ.

ಇಪ್ಪತ್ನಾಲ್ಕರವರ ತೊಂದರೆ ಮೇಲೆ ಹೇಳಿದ ಆ ಜಾಗದ್ದು. ಗಾಳಿ ಕಡಿಮೆಯಾದಷ್ಟೂ ಕಲ್ಲಿಗೂ ರಿಮ್ಮಿಗೂ ನಡುವಿನ ಅಂತರ ಬೇಗ ಮುಗಿಯುತ್ತದೆ. ಜತೆಗೆ ಟೈರಿನ ಪಕ್ಕ ಹೊರಕ್ಕೆ ಚಾಚಿಕೊಂಡು, ಉಕ್ಕಿನ ಕಾವಲಿಲ್ಲದ ಭಾಗವನ್ನೇ ಕಲ್ಲಿಗೆ ಒಡ್ಡುತ್ತದೆ. ಅದೇ ಗಾಳಿಯಲ್ಲಿ ಡಾಂಬರು ರಸ್ತೆಗೆ ಹತ್ತಿ 80ರಲ್ಲಿ ಓಡಿಸಿದರೆ ಪಕ್ಕದ ಗೋಡೆ ಸುತ್ತಿಸುತ್ತಿ ಮಡಚಿ ಬಿಸಿಯಾಗುತ್ತದೆ. ಜೀಪಿನಲ್ಲಿ ಕಾಡು ಸುತ್ತುವವರು ಗಾಳಿ ಇಳಿಸಿಕೊಳ್ಳುವುದು ಸರಿ. ಅವರ ಟೈರಿನ ಪಕ್ಕ ಇದರ ಒಂದೂವರೆಪಟ್ಟು ಎತ್ತರವಿರುತ್ತದೆ, ಅವರು ನಡಿಗೆಯ ವೇಗದಲ್ಲಿ ಹೋಗುತ್ತಾರೆ, ಡಾಂಬರಿಗೆ ಬಂದ ಮೇಲೆ ನಿಂತು ಮತ್ತೆ ಗಾಳಿ ತುಂಬಿಕೊಳ್ಳುತ್ತಾರೆ. ಶಾಲೆಗೆ, ಬ್ಯಾಂಕಿಗೆ ಹೊರಟವರಿಗೆ ಅಷ್ಟು ಪುರಸೊತ್ತೆಲ್ಲಿ?

ಹಾಗಾದರೆ ಎಷ್ಟು? ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಒಬ್ಬಿಬ್ಬರು ಕೂತಾಗ ಎಷ್ಟು, ಕಾರು ತುಂಬಿದಾಗ ಎಷ್ಟು, ಮುಂದೆ ಎಷ್ಟು, ಹಿಂದೆ ಎಷ್ಟು ಎಂದು ಅದರಲ್ಲಿದೆ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 30ರಿಂದ 36ರೊಳಗಿನ ಅಂಕಿ. ಟೈರಿನ ಮೇಲೆ ಗರಿಷ್ಠ ಎಂದು ಬರೆದದ್ದು ಬೇರೆ, ಅದು ಟೈರು ತಡೆಯಬಲ್ಲ ಮಿತಿ. ಅದನ್ನು ನೋಡಿ ಗಾಳಿ ಹೊಡೆಸಬಾರದು. ದಿನವೂ ಜಲ್ಲಿ, ಡಾಂಬರು ಎರಡನ್ನೂ ತುಳಿಯುವವರಿಗೆ ಚೀಟಿಯ ಅಂಕಿಯೇ ಸರಿ. ಇಡೀ ದಾರಿ ಜಲ್ಲಿಯೇ ಆಗಿದ್ದು, ವೇಗ 30 ದಾಟುವುದೇ ಇಲ್ಲವೆಂದಾದರೆ, ಕಾರು ಖಾಲಿಯಿದ್ದರೆ, ಗೋಡೆ ಎತ್ತರದ 80ರ ಅಥವಾ 70ರ ಟೈರಿದ್ದರೆ 2 ಪಾಯಿಂಟ್, ಹೆಚ್ಚೆಂದರೆ 3 ಪಾಯಿಂಟ್ ಇಳಿಸಬಹುದು. 55ರ ಟೈರಿನವರು ಒಂದು ಪಾಯಿಂಟನ್ನೂ ಇಳಿಸಬಾರದು.

ಆದರೆ ಅಂಕಿ ಗೊತ್ತಿದ್ದರೆ ಸಾಲದು, ಅದನ್ನು ಯಾವಾಗ ಅಳೆಯುತ್ತೀರಿ ಎಂಬುದೇ ಅರ್ಧ ಕೆಲಸ. ಚೀಟಿಯ ಅಂಕಿ ತಣ್ಣಗಿರುವ ಟೈರಿನದು, ಅಂದರೆ ಬೆಳಗ್ಗೆ ಕಾರು ತೆಗೆಯುವ ಮುಂಚಿನದು. ಒಂದು ಲೆಕ್ಕ ನೋಡಿ. ಹೊಸನಗರದ ಕಡೆಯ ಒಬ್ಬರು ಬೇಸಿಗೆಯ ಮಧ್ಯಾಹ್ನ ಇಪ್ಪತ್ತು ಕಿಲೋಮೀಟರ್ ಓಡಿಸಿಕೊಂಡು ಬಂಕಿಗೆ ಬಂದು, ಚೀಟಿಯಲ್ಲಿದ್ದಂತೆ ಸರಿಯಾಗಿ 33 ಹೊಡೆಸುತ್ತಾರೆ ಎಂದುಕೊಳ್ಳಿ. ಆಗ ಟೈರಿನೊಳಗಿನ ಗಾಳಿ ಸುಮಾರು 45 ಡಿಗ್ರಿ ಬಿಸಿ. ಮಾರನೆಯ ಬೆಳಗ್ಗೆ ಅಂಗಳದಲ್ಲಿ 18 ಡಿಗ್ರಿ. ತಣ್ಣಗಾದ ಗಾಳಿ ಕುಗ್ಗಿ ಒತ್ತಡ 29ಕ್ಕೆ ಬಂದಿರುತ್ತದೆ. ಹತ್ತು ಡಿಗ್ರಿಗೆ ಹೆಚ್ಚುಕಡಿಮೆ ಒಂದೂವರೆ ಪಾಯಿಂಟ್ ಎಂಬುದು ಇದರ ಅಂದಾಜು. ಇದರ ಜತೆಗೆ ಒಳ್ಳೆಯ ಟೈರೂ ತಿಂಗಳಿಗೆ ಒಂದು ಪಾಯಿಂಟಿನಷ್ಟು ಗಾಳಿಯನ್ನು ತಾನಾಗಿ ಬಿಡುತ್ತದೆ. ಎರಡು ತಿಂಗಳು ನೋಡದೆ ಬಿಟ್ಟರೆ 27. ತಾನು 33ರಲ್ಲಿ ಓಡಿಸುತ್ತಿದ್ದೇನೆಂಬ ನಂಬಿಕೆಯಲ್ಲೇ ಆತ ಜಲ್ಲಿ ತುಳಿಯುತ್ತಿರುತ್ತಾನೆ, ಟೈರಿನ ಪಕ್ಕ ಉಬ್ಬಿದಾಗ ಕಂಪನಿಯನ್ನು ಬೈಯುತ್ತಾನೆ.

ಅದಕ್ಕೇ ಸ್ವಂತದ್ದೊಂದು ಗೇಜು ಬೇಕು. ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಡಬ್ಬಿಯಲ್ಲಿಟ್ಟುಕೊಳ್ಳಬಹುದು. ಬೆಳಗ್ಗೆ ನಾಲ್ಕೂ ಟೈರಿಗೆ ಹಿಡಿದು ನೋಡಿ, ಯಾವುದಕ್ಕೆ ಎಷ್ಟು ಕಡಿಮೆಯಿದೆ ಎಂದು ಬರೆದುಕೊಳ್ಳಿ. ಹಿಂದಿನ ಎಡದ್ದು 30 ಇದ್ದರೆ ಬೇಕಾದದ್ದು 3. ಬಂಕಿಗೆ ಹೋಗುವಷ್ಟರಲ್ಲಿ ಅದೇ ಟೈರು ಬಿಸಿಯಾಗಿ 32 ತೋರಿಸಿದರೆ 33 ಹೊಡೆಸಬೇಡಿ, 32ರ ಮೇಲೆ 3 ಸೇರಿಸಿ 35 ಹೊಡೆಸಿ. ಬಂಕಿನ ಹುಡುಗ "ಸಾರ್, ಮೂವತ್ತೈದು ಜಾಸ್ತಿಯಾಯ್ತು" ಅಂದರೆ ನಕ್ಕು ಸುಮ್ಮನಿರಿ. ಓಡಿಸಿ ಬಿಸಿಯಾದ ಟೈರಿನಿಂದ ಗಾಳಿ ಬಿಡಿಸುವುದಂತೂ ಬೇಡವೇ ಬೇಡ.

ಇದೇ ಗೇಜು ಇನ್ನೊಂದು ವಿಷಯವನ್ನೂ ಹೇಳುತ್ತದೆ. ಬೆಳಗ್ಗೆ 33 ಇದ್ದದ್ದು ಅರ್ಧ ಗಂಟೆ ಓಡಿಸಿದ ಮೇಲೆ 36, 37 ಆಗುವುದು ಸಹಜ. ಅದಕ್ಕಿಂತ ಬಹಳ ಮೇಲೆ ಹೋದರೆ ಟೈರು ಅತಿಯಾಗಿ ಮಡಚುತ್ತಿದೆ ಎಂದರ್ಥ. ಹೊರೆ ಹೆಚ್ಚಾಗಿದೆ, ಅಥವಾ ಹೊರಡುವಾಗಲೇ ಗಾಳಿ ಕಡಿಮೆಯಿತ್ತು.

ಹೊರೆ ಎಂದಾಗ ಹೊಸನಗರದ ಆ ಮನುಷ್ಯನ ಕಡೆಗೇ ಮತ್ತೆ ಹೋಗೋಣ. ಮನೆಯಿಂದ ಆರು ಕಿಲೋಮೀಟರ್ ಜಲ್ಲಿ, ಆಮೇಲೆ ಪೇಟೆಗೆ ಇಪ್ಪತ್ತು ಕಿಲೋಮೀಟರ್ ಡಾಂಬರು. ವಾರವೆಲ್ಲ ಅವರೊಬ್ಬರೇ. ಕಾರಿಗೆ 165/80 ಟೈರು, ಚೀಟಿಯಲ್ಲಿ ಸಾಮಾನ್ಯಕ್ಕೆ 33, ತುಂಬಿದಾಗ ಹಿಂದಿನದಕ್ಕೆ 36 ಎಂದಿದೆಯೆಂದು ಇಟ್ಟುಕೊಳ್ಳಿ. ಆರು ಕಿಲೋಮೀಟರಿಗಾಗಿ ಗಾಳಿ ಇಳಿಸಿದರೆ ಉಳಿದ ಇಪ್ಪತ್ತರಲ್ಲಿ ಟೈರು ಬಿಸಿಯಾಗುತ್ತದೆ, ಹಾಗಾಗಿ ಅವರು ಇಳಿಸುವುದು ಬೇಡ. 33ರಲ್ಲೇ ಇದ್ದು ಜಲ್ಲಿಯಲ್ಲಿ ನಿಧಾನ ಹೋಗಬೇಕು. ಏಟಿನ ಜೋರು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 40ರಿಂದ 28ಕ್ಕೆ ಇಳಿಸಿದರೆ ಏಟು ಅರ್ಧಕ್ಕೆ ಇಳಿಯಿತು. ಆರು ಕಿಲೋಮೀಟರಿಗೆ ಇದರಿಂದ ಆಗುವ ತಡ ನಾಲ್ಕು ನಿಮಿಷಕ್ಕಿಂತ ಕಡಿಮೆ. ಅಡಿಕೆ ಮೂಟೆ ಹಾಕಿಕೊಂಡು, ಮನೆಯವರನ್ನೆಲ್ಲ ಕೂರಿಸಿಕೊಂಡು ಹೊರಡುವ ದಿನ ಹಿಂದಿನ ಟೈರಿಗೆ 36 ಬೇಕೇ ಬೇಕು. ಹಿಂದೆ ಹೊರೆ, ಕಡಿಮೆ ಗಾಳಿ, ಮುಂದಿನ ಚಕ್ರ ಎಬ್ಬಿಸಿಟ್ಟ ಕಲ್ಲು, ಈ ಮೂರೂ ಕೂಡುವುದು ಆ ದಿನವೇ. ಕಾರಿನ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಪಂಪು ಇದ್ದರೆ ಮನೆಯಂಗಳದಲ್ಲೇ ಮೂರು ಪಾಯಿಂಟ್ ಏರಿಸಿಕೊಳ್ಳಬಹುದು. ಇಂಥ ಊರುಗಳಲ್ಲಿ ಇರುವವರಿಗೆ ಅದು ಐಷಾರಾಮವಲ್ಲ.

ಎಬಿಎಸ್ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸಡಿಲ ಕಲ್ಲಿನ ಮೇಲೆ ಎಬಿಎಸ್ ಇರುವ ಕಾರು ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುತ್ತದೆ. ಕಚ್ಚಿ ನಿಂತ ಚಕ್ರವಾದರೆ ಮುಂದೆ ಕಲ್ಲು ರಾಶಿಯಾಗಿ ತಡೆಯುತ್ತದೆ, ಎಬಿಎಸ್ ಚಕ್ರವನ್ನು ಕಚ್ಚಲು ಬಿಡುವುದೇ ಇಲ್ಲ. ಟೈರು ಎಂಥದ್ದೇ ಇರಲಿ, ಇಳಿಜಾರಿನಲ್ಲಿ ಈ ಲೆಕ್ಕ ನೆನಪಿರಬೇಕು.

ವಾರಕ್ಕೊಮ್ಮೆ ಕಾರು ತೊಳೆಯುವಾಗ ಟೈರಿನ ಪಕ್ಕವನ್ನು ಕೈಯಿಂದ ಸವರಿ ನೋಡುವುದು ಒಳ್ಳೆಯ ಅಭ್ಯಾಸ. ಹೊರಗಿನ ಪಕ್ಕ ಕಣ್ಣಿಗೆ ಕಾಣುತ್ತದೆ. ಒಳಗಿನ ಪಕ್ಕದ ಉಬ್ಬು ಒಡೆಯುವವರೆಗೂ ಯಾರಿಗೂ ಕಾಣುವುದಿಲ್ಲ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಮುಂದಿನ ಚಕ್ರಗಳನ್ನೂ, ಮೊಬೈಲಿನ ಲೈಟು ಹಾಕಿ ಕೆಳಗಿನಿಂದ ಫೋಟೋ ತೆಗೆದು ಹಿಂದಿನವನ್ನೂ ನೋಡಬಹುದು. ಸೀಳಿನೊಳಗೆ ದಾರದ ಎಳೆ ಕಂಡರೆ ಆ ಟೈರು ಹೋಯಿತು. ಪಂಕ್ಚರಿಲ್ಲದೆ ಒಂದೇ ಟೈರು ವಾರಕ್ಕೆ ನಾಲ್ಕೈದು ಪಾಯಿಂಟ್ ಇಳಿಯುತ್ತಿದ್ದರೆ ರಿಮ್ಮಿನ ಅಂಚು ಬಗ್ಗಿರುವ ಸಾಧ್ಯತೆ ಹೆಚ್ಚು. ಟೈರು ರಿಮ್ಮಿಗೆ ಕೂಡುವಲ್ಲಿ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. 60, 70ರ ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ಬ್ಯಾಲೆನ್ಸಿಂಗಿಗೆ ಓಡುವ ಮೊದಲು ರಿಮ್ಮಿನ ಒಳಗಡೆ ಅಂಟಿದ ಕೆಸರು ತೊಳೆಯಿರಿ. ಮಳೆಗಾಲದಲ್ಲಿ ಅರ್ಧಕ್ಕರ್ಧ ನಡುಕ ಅಲ್ಲಿಗೇ ನಿಲ್ಲುತ್ತದೆ.

ಬಟನ್ನಿನ ಆಳ 1.6 ಮಿಲಿಮೀಟರಿಗೆ ಬಂದರೆ ಕಾನೂನಿನ ಪ್ರಕಾರ ಟೈರು ಬದಲಿಸಬೇಕು. ಗೆರೆಯ ನಡುವಿನ ಅಡ್ಡ ಉಬ್ಬು ಮೇಲ್ಮೈಗೆ ಸಮವಾದರೆ ಆ ಮಟ್ಟ ಬಂತೆಂದರ್ಥ. ಜಲ್ಲಿ ರಸ್ತೆಯಲ್ಲಿ ಅಲ್ಲಿಯವರೆಗೆ ಕಾಯುವುದು ಲಾಭವಲ್ಲ. ಹೊಸ ಟೈರಿನಲ್ಲಿ ಏಳೆಂಟು ಮಿಲಿಮೀಟರ್ ರಬ್ಬರು ಉಕ್ಕಿನ ಪದರವನ್ನು ಕಾಯುತ್ತಿರುತ್ತದೆ. ಅದು 3ಕ್ಕೆ ಇಳಿದ ಮೇಲೆ ಪಂಕ್ಚರು ಸಾಲುಸಾಲಾಗಿ ಬರುತ್ತವೆ. ಆಗಲೇ ಬದಲಿಸಿ.

ಪಂಕ್ಚರ್ ಹಾಕಿಸುವಾಗ ಹೊರಗಿನಿಂದ ರಬ್ಬರ್ ಸ್ಟ್ರಿಪ್ ಚುಚ್ಚುವುದು ಮೊಳೆಯ ದುಂಡನೆಯ ತೂತಿಗೆ ಸಾಕು. ಕಲ್ಲು ಮಾಡಿದ ತೂತು ದುಂಡಗಿರುವುದಿಲ್ಲ, ಅದು ಸೀಳು. ಅದಕ್ಕೆ ಟೈರು ಬಿಚ್ಚಿಸಿ ಒಳಗಿನಿಂದ ಪ್ಯಾಚ್ ಹಾಕಿಸಬೇಕು. ಪದೇ ಪದೇ ಪಂಕ್ಚರ್ ಆಗುತ್ತದೆಂದು ಟ್ಯೂಬ್‌ಲೆಸ್ ಟೈರಿನೊಳಗೆ ಟ್ಯೂಬು ತುರುಕಿಸುವುದು ನಮ್ಮ ಕಡೆ ಇನ್ನೂ ನಡೆಯುತ್ತದೆ. ದಯವಿಟ್ಟು ಬೇಡ. ಟ್ಯೂಬ್‌ಲೆಸ್ ಟೈರಿನ ದೊಡ್ಡ ಗುಣವೇ ಗಾಳಿ ನಿಧಾನ ಇಳಿಯುವುದು, ಮನೆ ಮುಟ್ಟಿಸುವುದು. ಟ್ಯೂಬು ಒಳಗೆ ಉಜ್ಜಿ ಬಿಸಿಯಾಗಿ ಒಮ್ಮೆಲೇ ಬಿಡುತ್ತದೆ.

ಕೊನೆಯದಾಗಿ ಸ್ಟೆಪ್ನಿ. 2020ರಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿ, ಟ್ಯೂಬ್‌ಲೆಸ್ ಟೈರು, ಗಾಳಿ ಇಳಿದರೆ ಎಚ್ಚರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದಿತು. ಪೇಟೆಯವರಿಗೆ ಇದು ಸರಿಯಾದೀತು. ಟೈರಿನ ಪಕ್ಕ ಸೀಳಿದರೆ ಯಾವ ಕಿಟ್ಟೂ ಕೆಲಸಕ್ಕೆ ಬರುವುದಿಲ್ಲ, ಜಲ್ಲಿ ರಸ್ತೆಯಲ್ಲಿ ಸೀಳುವುದು ಪಕ್ಕವೇ. ಸ್ಟೆಪ್ನಿ ಇಲ್ಲದ ಕಾರನ್ನು ಇಂಥ ಊರಿನವರು ಕೊಳ್ಳಬಾರದು. ಕೊಂಡಾಗಿದ್ದರೆ ಅದೇ ಅಳತೆಯ ಇನ್ನೊಂದು ಚಕ್ರ ಕೊಂಡು ಡಿಕ್ಕಿಯಲ್ಲಿಟ್ಟುಕೊಳ್ಳಬೇಕು. ಸ್ಟೆಪ್ನಿ ಇದ್ದೂ ಅದರಲ್ಲಿ ಗಾಳಿಯಿಲ್ಲದ ಕಾರುಗಳೇ ನಮ್ಮಲ್ಲಿ ಹೆಚ್ಚು. ಮುಂದಿನ ಸಲ ಬಂಕಿಗೆ ಹೋದಾಗ ನಾಲ್ಕಕ್ಕೆ ಹೊಡೆಸಿ ಹೊರಡಬೇಡಿ, ಡಿಕ್ಕಿ ತೆಗೆದು ಐದನೆಯದಕ್ಕೂ ಹೊಡೆಸಿಕೊಂಡು ಬನ್ನಿ.